ಊರ ಕೆರೆಯ ಬಾತು ಮತ್ತು ಹೆಬ್ಬಾತು: ಕೊಕ್ಕು, ನಿಲುವು, ಪುಕ್ಕಗಳಿಂದ ತಳಿ ಗುರುತಿಸುವ ಕ್ರಮ

ನಮ್ಮ ಊರ ಕೆರೆಗಳಲ್ಲಿ ಒಂದೇ ತಳಿಯ ಬಾತುಗಳ ಹಿಂಡು ಸಿಗುವುದು ಅಪರೂಪ. ಒಬ್ಬರು ಹೆಸರಘಟ್ಟದ ಕೇಂದ್ರದಿಂದ ಖಾಕಿ ಕ್ಯಾಂಪ್‌ಬೆಲ್ ಮರಿಗಳನ್ನು ತಂದಿರುತ್ತಾರೆ, ಇನ್ನೊಬ್ಬರು ಸಂತೆಯಲ್ಲಿ ಬಿಳಿ ಬಾತುಗಳ ಜೋಡಿಯೊಂದನ್ನು ಕೊಂಡಿರುತ್ತಾರೆ, ಮತ್ತೊಬ್ಬರ ಮನೆಯಲ್ಲಿ ಕೆಂಪು ಮುಖದ ಮಸ್ಕೋವಿ ಇರುತ್ತದೆ, ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಬಾತು ಮೇಯಿಸುತ್ತ ಬಂದವರಿಂದ ಕೊಂಡ ನಾಲ್ಕಾರು ನಾಟಿ ಬಾತುಗಳೂ ಅದೇ ನೀರಿಗೆ ಇಳಿಯುತ್ತವೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಇವುಗಳ ಬೆರಕೆ ಮರಿಗಳೂ ಬೆಳೆದು ಹಿಂಡು ಸೇರುತ್ತವೆ. ಆಗ ಯಾವುದು ಯಾವ ತಳಿ ಎಂದು ತಿಳಿಯದಿದ್ದರೆ ಮೊಟ್ಟೆಗೆಂದು ಇಟ್ಟುಕೊಂಡ ಹಕ್ಕಿ ಮೊಟ್ಟೆ ಕೊಡುವುದಿಲ್ಲ, 28 ದಿನಕ್ಕೆ ಒಡೆಯಬೇಕೆಂದು ಕಾದ ಮೊಟ್ಟೆ 35ನೆಯ ದಿನಕ್ಕೆ ಒಡೆಯುತ್ತದೆ, ತಳಿಯ ಮರಿ ಎಂದು ಹಣ ಕೊಟ್ಟು ತಂದದ್ದು ದೊಡ್ಡದಾದ ಮೇಲೆ ಬೇರೆಯೇ ಆಗಿ ಕಾಣುತ್ತದೆ.

ನೋಡುವವರ ಕಣ್ಣು ಸಹಜವಾಗಿ ಮೊದಲು ಬಣ್ಣದ ಮೇಲೆ ನಿಲ್ಲುತ್ತದೆ, ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದೂ ಅಲ್ಲಿಯೇ. ಬಿಳಿಯ ಬಣ್ಣ ಹಲವು ತಳಿಗಳಲ್ಲಿದೆ, ಕಂದು ಬಣ್ಣವಂತೂ ನಾಟಿ ಬಾತಿನಿಂದ ಹಿಡಿದು ಕಾಡು ಬಾತಿನವರೆಗೆ ಎಲ್ಲದರಲ್ಲೂ ಇದೆ. ನಿಲುವು ಎಲುಬಿನ ಕಟ್ಟಿನಿಂದ ಬರುವಂಥದ್ದಾದ್ದರಿಂದ ಒಂದು ತಲೆಮಾರಿನ ಬೆರಕೆಯಲ್ಲಿ ಪೂರ್ತಿ ಮರೆಯಾಗುವುದಿಲ್ಲ. ಕೊಕ್ಕು ಮತ್ತು ಅದರ ಬುಡ ಮೂಲದ ಜಾತಿಯನ್ನೇ ಹೇಳುತ್ತವೆ. ಪುಕ್ಕವಾದರೋ ಸುಲಭವಾಗಿ ಬದಲಾಗುತ್ತದೆ, ವರ್ಷಕ್ಕೊಮ್ಮೆ ಉದುರಿ ಹೊಸದಾಗುತ್ತದೆ, ಕೆರೆಯ ಕೆಂಪು ನೀರಿನ ಕಲೆಯನ್ನೂ ಹಿಡಿಯುತ್ತದೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ನಿಲುವು, ಆಮೇಲೆ ಕೊಕ್ಕು, ಕೊನೆಗೆ ಪುಕ್ಕ ಎಂಬ ಕ್ರಮವನ್ನು ಹಿಡಿದಿದ್ದೇನೆ. ಪುಕ್ಕವನ್ನು ಕೊನೆಗಿಟ್ಟಿದ್ದರೂ ಅದರ ಕೆಲವು ಸಣ್ಣ ಗುರುತುಗಳು ಎಲ್ಲಕ್ಕಿಂತ ಖಚಿತವಾದವು. ಅವನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿರಬೇಕು, ಅಷ್ಟೇ.

ಮೊದಲ ಹೆಜ್ಜೆ: ನೋಡುವ ಹೊತ್ತು ಮತ್ತು ಜಾಗ

ನೀರಿನ ಮೇಲೆ ತೇಲುತ್ತಿರುವ ಬಾತಿನ ನಿಲುವನ್ನು ಅಳೆಯಲು ಬರುವುದಿಲ್ಲ, ಏಕೆಂದರೆ ನೀರಿನಲ್ಲಿ ಎಲ್ಲ ತಳಿಗಳೂ ಹೆಚ್ಚು ಕಡಿಮೆ ಮಟ್ಟಸವಾಗಿ ಕೂರುತ್ತವೆ. ಅವು ದಡ ಹತ್ತಿ ನಡೆಯುವ ಹೊತ್ತಿಗಾಗಿ, ಅಂದರೆ ಬೆಳಿಗ್ಗೆ ಗೂಡಿನಿಂದ ಬಿಟ್ಟಾಗ ಅಥವಾ ಸಂಜೆ ಮನೆಯ ದಾರಿ ಹಿಡಿದಾಗ, ಕಾದು ನೋಡಬೇಕು. ಸುಮಾರು ಹತ್ತು ಮೀಟರ್ ದೂರದಲ್ಲಿ, ಹಕ್ಕಿಯ ಮಗ್ಗುಲು ಕಾಣುವಂತೆ ನಿಂತುಕೊಳ್ಳಿ. ತೀರ ಹತ್ತಿರ ಹೋದರೆ ಹಕ್ಕಿ ಗಾಬರಿಗೊಂಡು ಕತ್ತನ್ನು ಮೇಲಕ್ಕೆ ಚಾಚುತ್ತದೆ. ಗಾಬರಿಯಲ್ಲಿ ದಪ್ಪ ಮೈಯ ಪೆಕಿನ್ ಕೂಡ ನೆಟ್ಟಗೆ ನಿಂತಂತೆ ಕಾಣುತ್ತದೆ. ಮೇಯುವಾಗ ಬಗ್ಗಿದ ಹಕ್ಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಗಾಬರಿಯಿಲ್ಲದೆ, ಎಚ್ಚರದಿಂದ ನಡೆಯುತ್ತಿರುವ ಹಕ್ಕಿಯ ಬೆನ್ನಿನ ಗೆರೆ ನೆಲದೊಂದಿಗೆ ಎಷ್ಟು ಓರೆಯಾಗಿದೆ ಎಂಬುದೇ ನಮಗೆ ಬೇಕಾದ ನಿಲುವು.

ವಯಸ್ಸನ್ನೂ ಗಮನಿಸಬೇಕು. ಬಾತಿನ ಮರಿಗೆ ಮೊದಲ ಪೂರ್ಣ ಪುಕ್ಕ ಬರಲು ಏಳೆಂಟು ವಾರ ಹಿಡಿಯುತ್ತದೆ, ದೊಡ್ಡ ಹಕ್ಕಿಯ ಬಣ್ಣ ಬರಲು ನಾಲ್ಕು ತಿಂಗಳು ಬೇಕಾಗಬಹುದು. ಮಸ್ಕೋವಿಯ ಕೆಂಪು ಮುಖವೂ ಹೆಬ್ಬಾತಿನ ಹಣೆಯ ಉಬ್ಬೂ ಇನ್ನೂ ನಿಧಾನವಾಗಿ ಬೆಳೆಯುತ್ತವೆ. ನಾಲ್ಕು ತಿಂಗಳು ತುಂಬದ ಹಕ್ಕಿಯ ಬಗ್ಗೆ ತೀರ್ಮಾನ ಕೊಡದಿರುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಮೂರು ಗುಂಪು

ತಳಿಯ ಹೆಸರಿಗೆ ಹೋಗುವ ಮೊದಲು ಇಡೀ ಹಿಂಡನ್ನು ಮೂರು ಗುಂಪಾಗಿ ಒಡೆದುಕೊಳ್ಳಬೇಕು: ಹೆಬ್ಬಾತು, ಮಸ್ಕೋವಿ, ಉಳಿದ ಬಾತುಗಳು. ಈ ಮೂರರ ಮೂಲವೇ ಬೇರೆ ಬೇರೆ. ಖಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್, ಪೆಕಿನ್, ನಾಟಿ ಬಾತು ಇವೆಲ್ಲ ಹಸಿರು ತಲೆಯ ಮಲ್ಲಾರ್ಡ್ ಎಂಬ ಕಾಡು ಬಾತಿನಿಂದ ಬಂದವು. ಮಸ್ಕೋವಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೇರೆಯೇ ಜಾತಿ. ಹೆಬ್ಬಾತುಗಳು ಇವೆರಡಕ್ಕೂ ದೂರದ ಸಂಬಂಧಿಗಳು.

ಹೆಬ್ಬಾತನ್ನು ಬೇರ್ಪಡಿಸುವುದು ಕಷ್ಟವಲ್ಲ. ಉದ್ದ ಕತ್ತು, ನೀರಿಗಿಂತ ಏರಿಯ ಹುಲ್ಲಿನ ಮೇಲೆಯೇ ಹೆಚ್ಚು ಹೊತ್ತು ಮೇಯುವ ಅಭ್ಯಾಸ, ಬುಡದಲ್ಲಿ ಎತ್ತರವಾಗಿದ್ದು ತುದಿಗೆ ಸಣ್ಣದಾಗುವ ಗಟ್ಟಿ ಕೊಕ್ಕು ಇವು ಅದರ ಗುರುತು. ಬಾತಿನ ಕೊಕ್ಕು ಚಪ್ಪಟೆಯಾಗಿ, ತುದಿಯಲ್ಲಿ ಅಗಲವಾಗಿ, ಕೆಸರು ಸೋಸುವುದಕ್ಕೆ ಹೇಳಿಮಾಡಿಸಿದಂತಿದ್ದರೆ, ಹೆಬ್ಬಾತಿನದು ಹುಲ್ಲು ಕಡಿಯುವ ಕೊಕ್ಕು.

ಮಸ್ಕೋವಿಯನ್ನು ಗುರುತಿಸಲು ಕೊಕ್ಕಿನ ಬುಡವನ್ನೇ ನೋಡಬೇಕು. ಬುಡದಲ್ಲಿ ಮತ್ತು ಕಣ್ಣಿನ ಸುತ್ತ ಪುಕ್ಕವಿಲ್ಲದ ಕೆಂಪು ಚರ್ಮ, ಅದರ ಮೇಲೆ ಮಾಂಸದ ಗಂಟುಗಳು ಇರುತ್ತವೆ. ಗಂಡಿನಲ್ಲಿ ಇವು ಮುಖವನ್ನೆಲ್ಲ ಆವರಿಸುವಷ್ಟು ದಪ್ಪವಾದರೆ, ಹೆಣ್ಣಿನಲ್ಲಿ ಕೊಕ್ಕಿನ ಮೇಲೆ ಕಿರಿದಾಗಿ ಕಾಣುತ್ತವೆ. ಮೈ ನೆಲಕ್ಕೆ ಸಮಾನಾಂತರವಾಗಿ ಉದ್ದುದ್ದಕ್ಕೆ ಚಾಚಿಕೊಂಡಿರುತ್ತದೆ, ಬಾಲ ಅಗಲ, ಕಾಲುಗಳು ಗಿಡ್ಡ, ಉಗುರುಗಳು ಚೂಪು. ಗಂಡು ಹೆಣ್ಣಿಗಿಂತ ಸುಮಾರು ಎರಡರಷ್ಟು ತೂಗುತ್ತದೆ. ಒಂದೇ ಜೋಡಿಯಲ್ಲಿ ಇಷ್ಟು ಅಂತರ ಬೇರೆ ಯಾವ ಸಾಕು ಬಾತಿನಲ್ಲೂ ಇಲ್ಲ. ಇದು ಉಳಿದ ಬಾತುಗಳಂತೆ ಕೂಗದೆ ಬುಸುಗುಡುತ್ತದೆ, ಹೆಣ್ಣು ಹಾರಿ ಮರದ ಕೊಂಬೆಯ ಮೇಲೂ ಮನೆಯ ಮಾಡಿನ ಮೇಲೂ ಕೂರುತ್ತದೆ. ಬಣ್ಣ ಕಪ್ಪು, ಬಿಳಿ, ಕಪ್ಪು ಬಿಳಿ ಬೆರೆತದ್ದು, ಹೇಗೂ ಇರಬಹುದಾದ್ದರಿಂದ ಇಲ್ಲಿ ಬಣ್ಣವನ್ನು ನೋಡುವ ಅಗತ್ಯವೇ ಇಲ್ಲ.

ಗಂಡುಗಳಲ್ಲಿ ಇನ್ನೊಂದು ಗುರುತಿದೆ. ಮಲ್ಲಾರ್ಡ್ ಮೂಲದ ಎಲ್ಲ ಗಂಡುಗಳಿಗೂ, ಬಿಳಿಯದಾಗಲಿ ಕಂದಾಗಲಿ, ಬಾಲದ ಮೇಲೆ ಮುಂದಕ್ಕೆ ಸುರುಳಿಗೊಂಡ ಎರಡು ಮೂರು ಗರಿಗಳಿರುತ್ತವೆ. ಮಸ್ಕೋವಿ ಗಂಡಿಗೆ ಅವಿಲ್ಲ. ಮುಖದಲ್ಲಿ ಅಲ್ಪಸ್ವಲ್ಪ ಕೆಂಪಿದ್ದು ಮೈಕಟ್ಟು ಎರಡರ ನಡುವೆ ಇರುವ ಹಕ್ಕಿ ಕಂಡರೆ ಅದು ಮಸ್ಕೋವಿ ಮತ್ತು ಸಾಮಾನ್ಯ ಬಾತಿನ ಬೆರಕೆ. ಇಂಥ ಹಕ್ಕಿ ಚೆನ್ನಾಗಿ ಬೆಳೆಯುತ್ತದೆ, ಆದರೆ ಬಂಜೆ. ಅದರಿಂದ ಮರಿ ನಿರೀಕ್ಷಿಸುವಂತಿಲ್ಲ.

ಮೂರನೆಯ ಹೆಜ್ಜೆ: ನಿಲುವಿನಿಂದ ಬಾತುಗಳನ್ನು ಬೇರ್ಪಡಿಸುವುದು

ಈಗ ಉಳಿದದ್ದು ಮಲ್ಲಾರ್ಡ್ ಮೂಲದ ಬಾತುಗಳು. ಇವುಗಳಲ್ಲಿ ಒಂದು ತುದಿಗೆ ಇಂಡಿಯನ್ ರನ್ನರ್ ನಿಲ್ಲುತ್ತದೆ. ಹೆಸರಿನಲ್ಲಿ ಇಂಡಿಯಾ ಇದ್ದರೂ ಇದರ ತವರು ಜಾವಾ, ಬಾಲಿ, ಲೊಂಬೊಕ್ ದ್ವೀಪಗಳ ಭತ್ತದ ಗದ್ದೆಗಳು. ಕಾಲುಗಳು ಮೈಯ ತೀರ ಹಿಂಭಾಗದಲ್ಲಿ ಸೇರಿರುವುದರಿಂದ ಸಮತೋಲಕ್ಕಾಗಿ ಅದು ನೆಟ್ಟಗೆ ನಿಲ್ಲಲೇಬೇಕು. ನಡೆಯುವಾಗ ಐವತ್ತರಿಂದ ಎಪ್ಪತ್ತು ಡಿಗ್ರಿಯಷ್ಟು ಓರೆ ಇದ್ದು, ಎಚ್ಚೆತ್ತಾಗ ನಿಲ್ಲಿಸಿಟ್ಟ ಸೀಸೆಯಂತೆ ಕಾಣುತ್ತದೆ. ಅದು ಓಲಾಡುತ್ತ ನಡೆಯುವುದಿಲ್ಲ, ಓಡುತ್ತದೆ. ತಲೆ ಸಣ್ಣ, ಕೊಕ್ಕಿನ ಮೇಲಿನ ಗೆರೆ ಹಣೆಯೊಳಕ್ಕೆ ತಗ್ಗಿಲ್ಲದೆ ನೇರವಾಗಿ ಸೇರುತ್ತದೆ. ಇದರಲ್ಲಿ ಬಿಳಿ, ತಿಳಿಗಂದು, ತಿಳಿಗಂದು ಮತ್ತು ಬಿಳಿಯ ತೇಪೆ ಹೀಗೆ ಹಲವು ಬಣ್ಣಗಳಿವೆ.

ಪೆಕಿನ್ ಮಾಂಸಕ್ಕಾಗಿ ಬೆಳೆಸಿದ ತಳಿ. ಚೀನಾದಿಂದ 1870ರ ದಶಕದಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಂದ ಲೋಕವೆಲ್ಲ ಹರಡಿತು. ಎದೆ ಮುಂದಕ್ಕೆ ಉಬ್ಬಿ, ಹೊಟ್ಟೆ ಅಗಲವಾಗಿ ಇಳಿದು, ಕತ್ತು ದಪ್ಪಗಿರುತ್ತದೆ. ಮೈ ಸುಮಾರು ನಲವತ್ತು ಡಿಗ್ರಿ ಓರೆಯಾಗಿದ್ದರೂ ಅದರ ಭಾರದಿಂದಾಗಿ ನಡಿಗೆ ಓಲಾಟದ್ದು. ನಮ್ಮಲ್ಲಿ ಮಾರಾಟವಾಗುವ ವಿಗೋವಾ ಎಂಬ ಬಿಳಿ ಮಾಂಸದ ಬಾತು ಕಣ್ಣಿಗೆ ಪೆಕಿನ್‌ನಂತೆಯೇ ಇರುತ್ತದೆ. ಇವೆರಡನ್ನು ಹೊರನೋಟದಿಂದ ಬೇರ್ಪಡಿಸಲು ಹೋಗುವುದು ವ್ಯರ್ಥ, ಮರಿ ಎಲ್ಲಿಂದ ಬಂತೆಂದು ಕೇಳುವುದೊಂದೇ ದಾರಿ.

ಖಾಕಿ ಕ್ಯಾಂಪ್‌ಬೆಲ್ ಈ ಎರಡರ ನಡುವಿನದು. ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ರನ್ನರ್, ರೂವಾನ್ ಮತ್ತು ಕಾಡು ಮಲ್ಲಾರ್ಡ್‌ಗಳ ರಕ್ತ ಬೆರೆಸಿ ಇದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದರು. ಒಳ್ಳೆಯ ಸಾಕಣೆಯಲ್ಲಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಕೊಡುವ ಈ ತಳಿ ಸುಮಾರು ಎರಡು ಕಿಲೋ ತೂಗುತ್ತದೆ. ಬೆನ್ನಿನ ಓರೆ ಮೂವತ್ತೈದು ಡಿಗ್ರಿಯ ಆಸುಪಾಸು. ರನ್ನರ್‌ನ ಪಾಲು ಇದರ ಚುರುಕು ನಡಿಗೆಯಲ್ಲಿ ಕಾಣುತ್ತದೆ. ತೊಂದರೆಯೆಂದರೆ ನಾಟಿ ಬಾತಿನ ಗಾತ್ರವೂ ಓರೆಯೂ ಇದಕ್ಕೆ ತೀರ ಹತ್ತಿರ. ಕೇರಳದ ಕುಟ್ಟನಾಡಿನ ಚಾರ ಮತ್ತು ಚೆಂಬಳ್ಳಿ ಬಾತುಗಳಾಗಲಿ, ಗದ್ದೆಯಿಂದ ಗದ್ದೆಗೆ ಅಟ್ಟಿಕೊಂಡು ಬರುವ ಹಿಂಡುಗಳ ಬಾತುಗಳಾಗಲಿ, ನಿಲುವಿನಿಂದ ಮಾತ್ರ ಖಾಕಿಯಿಂದ ಬೇರೆಯಾಗುವುದಿಲ್ಲ. ಆದ್ದರಿಂದಲೇ ಸಂತೆಯಲ್ಲಿ ಖಾಕಿ ಎಂದು ಮಾರುವ ಹಕ್ಕಿಗಳ ವಿಷಯದಲ್ಲಿ ಮುಂದಿನ ಎರಡು ಹೆಜ್ಜೆಗಳು ಮುಖ್ಯ.

ನಾಲ್ಕನೆಯ ಹೆಜ್ಜೆ: ಕೊಕ್ಕಿನ ಬಣ್ಣ

ಪೆಕಿನ್‌ನ ಕೊಕ್ಕು ಕಿತ್ತಳೆ ಹಳದಿ, ಗಿಡ್ಡ, ದಪ್ಪ. ಕಾಲೂ ಅದೇ ಬಣ್ಣದ್ದು. ಆದರೆ ಮೊಟ್ಟೆಯಿಡುವ ಹೆಣ್ಣಿನ ಮೈಯಲ್ಲಿರುವ ಹಳದಿ ಬಣ್ಣದ ಅಂಶ ಮೊಟ್ಟೆಯ ಹಳದಿ ಭಾಗಕ್ಕೆ ಹೋಗುವುದರಿಂದ ಅದರ ಕೊಕ್ಕು ದಿನಗಳೆದಂತೆ ಪೇಲವವಾಗಿ ತಿಳಿಗುಲಾಬಿಗೆ ತಿರುಗುತ್ತದೆ, ಕೆಲವೊಮ್ಮೆ ಕಪ್ಪು ಚುಕ್ಕೆಗಳೂ ಮೂಡುತ್ತವೆ. ಇದನ್ನು ಕಂಡು ಬೆರಕೆ ಎಂದು ತಳ್ಳಿಹಾಕಬಾರದು. ಮೊಟ್ಟೆ ಚೆನ್ನಾಗಿ ಇಟ್ಟಿದೆ ಎಂಬುದಕ್ಕೆ ಅದೊಂದು ಸೂಚನೆ.

ಖಾಕಿ ಕ್ಯಾಂಪ್‌ಬೆಲ್‌ನ ಕೊಕ್ಕು ಗಂಡು ಹೆಣ್ಣು ಎರಡರಲ್ಲೂ ಕಪ್ಪು ಹಸಿರು ಬೆರೆತ ಗಾಢ ಬಣ್ಣದ್ದು. ಮಲ್ಲಾರ್ಡ್ ಬಣ್ಣದ ನಾಟಿ ಗಂಡಿನ ಕೊಕ್ಕು ಹಳದಿ ಹಸಿರು, ಹೆಣ್ಣಿನದು ಕಂದು ಮತ್ತು ಕಿತ್ತಳೆಯ ಕಲೆಗಳುಳ್ಳದ್ದು. ಸಂತಾನದ ಕಾಲ ಮುಗಿದ ಮೇಲೆ ಗಂಡು ಬಾತಿನ ಬಣ್ಣದ ಗರಿಗಳು ಉದುರಿ ಕೆಲವು ವಾರಗಳ ಕಾಲ ಅದು ಹೆಣ್ಣಿನಂತೆ ಮಂಕಾಗಿ ಕಾಣುತ್ತದೆ, ಬಾಲದ ಸುರುಳಿ ಗರಿಯೂ ಬಿದ್ದುಹೋಗಿರಬಹುದು. ಆಗ ಸಹಾಯಕ್ಕೆ ಬರುವುದು ಕೊಕ್ಕೇ, ಏಕೆಂದರೆ ಅದು ಉದುರುವುದಿಲ್ಲ. ಅನುಮಾನ ಉಳಿದರೆ ಹಕ್ಕಿಯನ್ನು ಕೈಗೆತ್ತಿಕೊಳ್ಳಿ: ಹೆಣ್ಣು ಗಟ್ಟಿಯಾಗಿ ಕ್ವ್ಯಾಕ್ ಎಂದು ಕೂಗುತ್ತದೆ, ಗಂಡಿನ ದನಿ ಒಡಕಾಗಿ, ಪಿಸುಗುಟ್ಟಿದಂತಿರುತ್ತದೆ.

ಕೊಕ್ಕಿನಿಂದಲೇ ಖಚಿತವಾಗುವ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕಪ್ಪು ಕೊಕ್ಕಿನ ತುದಿಯಲ್ಲಿ ಎದ್ದು ಕಾಣುವ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ ಇದ್ದರೆ ಅದು ಯಾರ ಮನೆಯ ಬಾತೂ ಅಲ್ಲ. ಅದು ನಮ್ಮ ಕೆರೆಗಳಲ್ಲೇ ವಾಸವಾಗಿರುವ ಚುಕ್ಕೆ ಕೊಕ್ಕಿನ ಕಾಡು ಬಾತು, ಸಾಕು ಬಾತುಗಳ ಜೊತೆಗೇ ಮೇಯುವುದುಂಟು. ದೂರದಿಂದ ಕಂದು ಬಣ್ಣದ ನಾಟಿ ಬಾತಿನಂತೆ ಕಾಣುವ ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿಯುವುದು ಅಪರಾಧ.

ಐದನೆಯ ಹೆಜ್ಜೆ: ಪುಕ್ಕದಲ್ಲಿ ಮೂರು ಕಡೆ ಮಾತ್ರ ನೋಡಿ

ಪುಕ್ಕದ ಒಟ್ಟಾರೆ ಬಣ್ಣವನ್ನು ಬದಿಗಿಟ್ಟು ಕಣ್ಣಿನ ಪಕ್ಕ, ಕತ್ತಿನ ಬುಡ, ರೆಕ್ಕೆಯ ಹಿಂಬದಿ, ಈ ಮೂರು ಜಾಗಗಳನ್ನು ನೋಡಬೇಕು. ಮಲ್ಲಾರ್ಡ್‌ನ ಮೂಲ ವಿನ್ಯಾಸ ಉಳಿಸಿಕೊಂಡ ಬಾತಿನಲ್ಲಿ ಹೆಣ್ಣಿಗೆ ಕೊಕ್ಕಿನಿಂದ ಕಣ್ಣನ್ನು ಹಾದು ಹೋಗುವ ಕಪ್ಪು ಗೆರೆಯಿರುತ್ತದೆ, ಗಂಡಿನ ಹಸಿರು ತಲೆಯ ಕೆಳಗೆ ಬಿಳಿಯ ಬಳೆಯಿರುತ್ತದೆ, ಎರಡಕ್ಕೂ ರೆಕ್ಕೆಯಲ್ಲಿ ಬಿಳಿ ಅಂಚಿನ ಹೊಳೆಯುವ ನೀಲಿ ಪಟ್ಟಿಯಿರುತ್ತದೆ. ಖಾಕಿ ಕ್ಯಾಂಪ್‌ಬೆಲ್‌ನಲ್ಲಿ ಈ ಮೂರೂ ಇಲ್ಲ. ಹೆಣ್ಣಿನ ತಲೆ ಗೆರೆಯಿಲ್ಲದೆ ಒಂದೇ ಸಮನೆ ಕಂದು, ಗಂಡಿನ ಕಂಚು ಹಸಿರು ತಲೆ ನೇರವಾಗಿ ಖಾಕಿ ಎದೆಯೊಳಗೆ ಬೆರೆಯುತ್ತದೆ, ರೆಕ್ಕೆಯಲ್ಲಿ ನೀಲಿ ಕಾಣುವುದಿಲ್ಲ. ಖಾಕಿಯ ಗಂಡು ಎಂದು ಮಾರುವವರ ಕೈಯಲ್ಲಿರುವ ಹಕ್ಕಿಯ ಕತ್ತಿನಲ್ಲಿ ಬಿಳಿ ಬಳೆ ಕಂಡರೆ ಬೇರೇನೂ ನೋಡುವ ಅಗತ್ಯವಿಲ್ಲ, ಅದು ಶುದ್ಧ ಖಾಕಿಯಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಖಾಕಿ ಬಣ್ಣ ಇಳಿದು ಬರುವ ರೀತಿಯೇ ಮೋಸಗೊಳಿಸುವಂಥದ್ದು. ಗಾಢ ಬಣ್ಣವನ್ನು ತಿಳಿಗೊಳಿಸಿ ಖಾಕಿಯಾಗಿಸುವ ಗುಣ ಲಿಂಗಕ್ಕೆ ಅಂಟಿಕೊಂಡಿದೆ. ಹಕ್ಕಿಗಳಲ್ಲಿ ಮಗಳಿಗೆ ಆ ಗುಣ ತಂದೆಯಿಂದ ಮಾತ್ರ ಬರುತ್ತದೆ. ಹೀಗಾಗಿ ಖಾಕಿ ಗಂಡನ್ನು ನಾಟಿ ಹೆಣ್ಣಿಗೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಖಾಕಿ ಛಾಯೆಯಲ್ಲಿ ಹುಟ್ಟುತ್ತವೆ, ಗಂಡುಮರಿಗಳು ಗಾಢ ಬಣ್ಣದಲ್ಲಿ. ಆ ಹೆಣ್ಣುಗಳಲ್ಲಿ ಅರ್ಧ ನಾಟಿ ರಕ್ತವಿದ್ದರೂ ದೂರಕ್ಕೆ ಖಾಕಿ ಕ್ಯಾಂಪ್‌ಬೆಲ್ ಎಂದೇ ಕಾಣುತ್ತವೆ. ಆದರೆ ಗೆರೆಯಿಲ್ಲದ ತಲೆ ಮತ್ತು ನೀಲಿಯಿಲ್ಲದ ರೆಕ್ಕೆ ಬೇರೊಂದು ಗುಣದಿಂದ ಬರುತ್ತವೆ, ಅದು ಮಲ್ಲಾರ್ಡ್ ವಿನ್ಯಾಸದ ಎದುರು ಅಡಗಿಬಿಡುತ್ತದೆ. ಆದ್ದರಿಂದ ಮಲ್ಲಾರ್ಡ್ ವಿನ್ಯಾಸದ ತಾಯಿಗೆ ಹುಟ್ಟಿದ ಇಂಥ ಹೆಣ್ಣಿನಲ್ಲಿ ಖಾಕಿ ಬಣ್ಣದ ನಡುವೆಯೇ ಕಣ್ಣಿನ ಗೆರೆಯೂ ರೆಕ್ಕೆಯ ಪಟ್ಟಿಯ ಬಿಳಿ ಅಂಚೂ ಕಾಣಿಸಿಕೊಳ್ಳುತ್ತವೆ. ಬಣ್ಣ ಸುಳ್ಳು ಹೇಳಿದರೂ ಗೆರೆ ನಿಜ ಹೇಳುತ್ತದೆ.

ಬಿಳಿಯ ಬಗ್ಗೆಯೂ ಒಂದು ಮಾತು. ಪೆಕಿನ್‌ನ ಬಿಳಿ ಅಡಗುವ ಗುಣ. ಪೆಕಿನ್ ಮತ್ತು ಬಣ್ಣದ ಬಾತಿನ ಮೊದಲ ತಲೆಮಾರಿನ ಮರಿಗಳು ಸಾಮಾನ್ಯವಾಗಿ ಬಣ್ಣದವು, ಅವು ತಮ್ಮೊಳಗೇ ಕೂಡಿದಾಗ ಎರಡನೆಯ ತಲೆಮಾರಿನಲ್ಲಿ ನಾಲ್ಕರಲ್ಲಿ ಒಂದರಂತೆ ಬಿಳಿ ಹಕ್ಕಿ ಮರಳುತ್ತದೆ. ಆ ಬಿಳಿ ಹಕ್ಕಿಗೆ ಪೆಕಿನ್‌ನ ಬಣ್ಣವಿದ್ದರೂ ಅದರ ಎದೆಯ ಅಗಲ ಮತ್ತು ತೂಕ ಇರಬೇಕೆಂದಿಲ್ಲ. ಬಿಳಿ ಬಾತನ್ನೆಲ್ಲ ಪೆಕಿನ್ ಎನ್ನಲಾಗದಿರುವುದು ಇದರಿಂದಲೇ.

ಹೆಬ್ಬಾತುಗಳು

ಸಾಕು ಹೆಬ್ಬಾತುಗಳಿಗೆ ಎರಡು ಮೂಲ: ಯುರೋಪಿನ ತಳಿಗಳು ಬೂದು ಹೆಬ್ಬಾತಿನಿಂದ ಬಂದವು, ಚೀನೀ ತಳಿಗಳು ಪೂರ್ವ ಏಷ್ಯಾದ ಹಂಸ ಹೆಬ್ಬಾತಿನಿಂದ. ಕೊಕ್ಕಿನ ಬುಡದಲ್ಲಿ ಹಣೆಗೆ ತಾಗಿ ಗಟ್ಟಿ ಉಬ್ಬು ಇದ್ದರೆ ಅದು ಚೀನೀ ಮೂಲದ್ದು. ನಮ್ಮ ಹಳ್ಳಿಗಳಲ್ಲಿ, ತೋಟದ ಮನೆಗಳಲ್ಲಿ ಕಾವಲಿಗೆಂದು ಸಾಕುವವುಗಳಲ್ಲಿ ಇಂಥವು ಸಾಮಾನ್ಯ. ಬಿಳಿ ಹಕ್ಕಿಯಲ್ಲಿ ಕೊಕ್ಕೂ ಉಬ್ಬೂ ಕಿತ್ತಳೆ ಬಣ್ಣದ್ದು. ಕಂದು ಹಕ್ಕಿಯಲ್ಲಿ ಎರಡೂ ಕಪ್ಪು, ಜೊತೆಗೆ ನೆತ್ತಿಯಿಂದ ಕತ್ತಿನ ಹಿಂಬದಿಯುದ್ದಕ್ಕೂ ಕಡುಗಂದು ಪಟ್ಟೆ ಇಳಿಯುತ್ತದೆ. ಕತ್ತು ಸಪೂರ, ಎತ್ತರ, ಮೈ ಮುಂಭಾಗ ಎತ್ತಿದ ನಿಲುವು. ಉಬ್ಬು ಗಂಡಿನಲ್ಲಿ ದೊಡ್ಡದು, ವಯಸ್ಸಿನೊಂದಿಗೆ ಇನ್ನೂ ಬೆಳೆಯುತ್ತದೆ. ಆದ್ದರಿಂದ ಎಳೆಯ ಗಂಡಿನ ಸಣ್ಣ ಉಬ್ಬನ್ನು ಹೆಣ್ಣಿನದೆಂದು ಭಾವಿಸುವ ಸಾಧ್ಯತೆ ಇದೆ, ಒಂದೇ ವಯಸ್ಸಿನ ಹಕ್ಕಿಗಳನ್ನು ಮಾತ್ರ ಹೋಲಿಸಬೇಕು. ಇದೇ ಮೂಲದ ಆಫ್ರಿಕನ್ ಎಂಬ ತಳಿ ಬಲು ಭಾರದ್ದು, ಗಂಟಲ ಕೆಳಗೆ ಗಂಗೆದೊಗಲು ಜೋತಿರುತ್ತದೆ.

ಯುರೋಪ್ ಮೂಲದವಕ್ಕೆ ಉಬ್ಬಿಲ್ಲ. ಕೊಕ್ಕು ಕಿತ್ತಳೆ ಅಥವಾ ಗುಲಾಬಿ, ಕತ್ತು ದಪ್ಪ, ಮೈ ನೆಲಕ್ಕೆ ಹೆಚ್ಚು ಕಡಿಮೆ ಸಮಾನಾಂತರ. ಇವುಗಳ ಕತ್ತಿನ ಗರಿಗಳು ಸಾಲುಸಾಲಾಗಿ ಮಡಿಸಿಕೊಂಡು ಉದ್ದನೆಯ ಗೀರುಗಳಂತೆ ಕಾಣುತ್ತವೆ, ಚೀನೀ ಹೆಬ್ಬಾತಿನ ಕತ್ತು ನುಣುಪು. ಎರಡು ಮೂಲಗಳು ಕೂಡಿದರೆ ಹುಟ್ಟುವ ಮರಿಗಳು ಬಂಜೆಯಲ್ಲ, ಆದ್ದರಿಂದ ಬೆರಕೆಗಳು ಬೇಗ ಹರಡುತ್ತವೆ. ಸಣ್ಣ ಉಬ್ಬು ಮತ್ತು ಅರೆಬರೆ ಗೀರು ಒಟ್ಟಿಗೇ ಇದ್ದರೆ ಅದು ಬೆರಕೆ.

ಚಳಿಗಾಲದಲ್ಲಿ ಉತ್ತರ ಕರ್ನಾಟಕದವರು ಇನ್ನೊಂದನ್ನು ನೆನಪಿಡಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ವರ್ಷವರ್ಷವೂ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಹೊಲಗಳಲ್ಲೂ ಮೇಯುತ್ತವೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಉಬ್ಬಿಲ್ಲದ ಹಳದಿ ಕೊಕ್ಕು ಇರುವ ಇವು ವಲಸೆಯ ಕಾಡು ಹಕ್ಕಿಗಳು.

ಒಂದು ಹಿಂಡನ್ನು ಹೆಜ್ಜೆಹೆಜ್ಜೆಯಾಗಿ ನೋಡೋಣ

ಒಂದು ಕೆರೆಯ ದಡದಲ್ಲಿ ಸಂಜೆ ಒಂಬತ್ತು ಹಕ್ಕಿಗಳಿವೆ ಎಂದಿಟ್ಟುಕೊಳ್ಳಿ. ಬಣ್ಣದ ಲೆಕ್ಕದಲ್ಲಿ ಐದು ಬಿಳಿ, ಮೂರು ಕಂದು, ಒಂದು ಹಸಿರು ತಲೆಯ ಗಂಡು. ಐದು ಬಿಳಿಗಳಲ್ಲಿ ಎರಡು ಏರಿಯ ಹುಲ್ಲು ಮೇಯುತ್ತಿವೆ, ಕತ್ತು ಉದ್ದ: ಹೆಬ್ಬಾತುಗಳು. ಒಂದಕ್ಕೆ ನುಣುಪು ಕತ್ತು, ದೊಡ್ಡ ಕಿತ್ತಳೆ ಉಬ್ಬು. ಅದು ಚೀನೀ ಗಂಡು. ಇನ್ನೊಂದರ ಉಬ್ಬು ಚಿಕ್ಕದು, ಅದನ್ನು ಹೆಣ್ಣು ಎಂದು ಬಿಡಬಹುದಿತ್ತು, ಆದರೆ ಕತ್ತಿನಲ್ಲಿ ಗೀರುಗಳಿವೆ, ಮೈಯೂ ಭಾರವಾಗಿ ನೆಲದತ್ತ ಇಳಿದಿದೆ. ಆದ್ದರಿಂದ ಅದು ಎರಡು ಮೂಲಗಳ ಬೆರಕೆ.

ಉಳಿದ ಮೂರು ಬಿಳಿಗಳಲ್ಲಿ ಒಂದು ಮೈಯನ್ನು ನೆಲಕ್ಕೆ ಸಮವಾಗಿ ಹಿಡಿದು ನಡೆಯುತ್ತಿದೆ, ಕೊಕ್ಕಿನ ಬುಡದಲ್ಲಿ ಕೆಂಪು ಗಂಟು, ಗಾತ್ರ ಸಾಧಾರಣ: ಮಸ್ಕೋವಿ ಹೆಣ್ಣು. ಅದರ ಪಕ್ಕದ್ದು ಅಗಲ ಎದೆಯ, ಓಲಾಡುವ ನಡಿಗೆಯ ಹಕ್ಕಿ. ಕೊಕ್ಕು ಗುಲಾಬಿಯಾಗಿ ಮಾಸಿದೆ, ಬಾಲದಲ್ಲಿ ಸುರುಳಿಯಿಲ್ಲ, ಗಟ್ಟಿ ದನಿಯಲ್ಲಿ ಕೂಗುತ್ತಿದೆ: ಮೊಟ್ಟೆಯಿಡುತ್ತಿರುವ ಪೆಕಿನ್ ಹೆಣ್ಣು. ಮೂರನೆಯದು ಸಪೂರ ಮೈಯದು, ಚುರುಕಾಗಿ ನಡೆಯುತ್ತದೆ, ಆದರೆ ರನ್ನರ್‌ನಷ್ಟು ನೆಟ್ಟಗಿಲ್ಲ, ಹಣೆ ಕೊಕ್ಕಿಗೆ ಸೇರುವಲ್ಲಿ ತಗ್ಗಿದೆ. ಅದನ್ನು ಬಿಳಿ ನಾಟಿ ಬಾತು ಎಂದು ಬರೆದುಕೊಳ್ಳಬೇಕು, ಪೆಕಿನ್ ಎಂದಲ್ಲ.

ಮೂರು ಕಂದು ಹಕ್ಕಿಗಳಲ್ಲಿ ಒಂದರ ಕೊಕ್ಕು ಕಪ್ಪು, ತುದಿ ಹಳದಿ. ನಾವು ಹತ್ತಿರ ಹೋದೊಡನೆ ದಡದಿಂದ ನೇರ ಮೇಲಕ್ಕೆ ಹಾರಿತು. ಅದು ಚುಕ್ಕೆ ಕೊಕ್ಕಿನ ಕಾಡು ಬಾತು. ಉಳಿದೆರಡೂ ಖಾಕಿ ಬಣ್ಣದ ಹೆಣ್ಣುಗಳು. ಒಂದರ ತಲೆ ಗೆರೆಯಿಲ್ಲದ್ದು, ಕೊಕ್ಕು ಹಸಿರುಗಪ್ಪು, ರೆಕ್ಕೆ ಬಿಡಿಸಿದಾಗ ಪಟ್ಟಿಯ ಹೊಳಪಿಲ್ಲ: ಖಾಕಿ ಕ್ಯಾಂಪ್‌ಬೆಲ್. ಇನ್ನೊಂದಕ್ಕೆ ಕಣ್ಣಿನ ಗೆರೆಯಿದೆ, ರೆಕ್ಕೆಯಲ್ಲಿ ಬಿಳಿ ಅಂಚಿದೆ: ಖಾಕಿ ತಂದೆ ಮತ್ತು ನಾಟಿ ತಾಯಿಯ ಮಗಳು. ಹಸಿರು ತಲೆಯ ಗಂಡಿನ ಕತ್ತಿನಲ್ಲಿ ಬಿಳಿ ಬಳೆ, ಕೊಕ್ಕು ಹಳದಿ ಹಸಿರು: ನಾಟಿ ಗಂಡು.

ಈಗ ಆ ಮನೆಯವರು ಖಾಕಿ ಹೆಣ್ಣಿನ ಮೊಟ್ಟೆಗಳನ್ನು ಕಾವಿಗೆ ಇಡಬೇಕೆಂದಿದ್ದಾರೆ. ಹಿಂಡಿನಲ್ಲಿ ಇರುವ ಒಂದೇ ಗಂಡು ಬಾತು ನಾಟಿಯದು. ಅದಕ್ಕೆ ಖಾಕಿ ಗುಣ ಒಳಗೂ ಇಲ್ಲದಿದ್ದರೆ ಮರಿಗಳಲ್ಲಿ ಒಂದೂ ಖಾಕಿ ಬಣ್ಣಕ್ಕೆ ಬರುವುದಿಲ್ಲ. ಶುದ್ಧ ಮರಿ ಬೇಕಿದ್ದರೆ ನಾಟಿ ಗಂಡನ್ನು ಬೇರೆಡೆ ಇಟ್ಟು, ಬಳೆಯಿಲ್ಲದ ಕತ್ತಿನ, ಗಾಢ ಕೊಕ್ಕಿನ ಖಾಕಿ ಗಂಡನ್ನು ತರಬೇಕು. ತಂದ ಮರುದಿನದ ಮೊಟ್ಟೆ ಉಪಯೋಗಕ್ಕಿಲ್ಲ, ಏಕೆಂದರೆ ಹಿಂದಿನ ಗಂಡಿನ ವೀರ್ಯ ಹೆಣ್ಣಿನ ಮೈಯಲ್ಲಿ ಹಲವು ದಿನ ಉಳಿದು ಮೊಟ್ಟೆಗಳನ್ನು ಫಲಗೊಳಿಸುತ್ತಲೇ ಇರುತ್ತದೆ. ಮೂರು ವಾರ ಬಿಟ್ಟು, ಆಮೇಲಿನ ಮೊಟ್ಟೆಗಳನ್ನು ಮಾತ್ರ ಕೂಡಿಡಬೇಕು. ಬಾತುಗಳು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಇಡುವುದರಿಂದ ಅಷ್ಟು ದಿನವೂ ಖಾಕಿ ಹೆಣ್ಣನ್ನು ರಾತ್ರಿ ಪ್ರತ್ಯೇಕ ಗೂಡಿನಲ್ಲಿ ಹಾಕಿ, ಬೆಳಿಗ್ಗೆ ಒಂಬತ್ತರ ನಂತರ ಹೊಸ ಗಂಡಿನೊಂದಿಗೆ ಮಾತ್ರ ಬಿಟ್ಟರೆ ಯಾವ ಮೊಟ್ಟೆ ಯಾರದೆಂಬ ಗೊಂದಲ ಇರುವುದಿಲ್ಲ. ಕಾವಿಗೆ ಮಸ್ಕೋವಿ ಹೆಣ್ಣನ್ನೇ ಕೂರಿಸಬಹುದು, ಖಾಕಿಗಿಂತ ಅದು ಎಷ್ಟೋ ನಂಬಿಕೆಯ ತಾಯಿ. ಆದರೆ ಅದರ ಸ್ವಂತ ಮೊಟ್ಟೆಗಳನ್ನು ಮೊದಲೇ ತೆಗೆದುಬಿಡಬೇಕು, ಇಲ್ಲವಾದರೆ ಖಾಕಿ ಮರಿಗಳು 28ನೆಯ ದಿನ ಹೊರಬಂದಾಗ ಇನ್ನೂ ಏಳು ದಿನ ಬಾಕಿಯಿರುವ ತನ್ನ ಮೊಟ್ಟೆಗಳನ್ನು ಬಿಟ್ಟು ಎದ್ದುಹೋಗುತ್ತದೆ.